ಬರೆದವರು, ಬರೆದುಕೊಟ್ಟವರು, ಬರೆಸಿಕೊಂಡವರು

ಈ ವರ್ಷ ನಮ್ಮ ಕಾಲೇಜಿನಲ್ಲಿ ಯಾರಾದರೂ ಒಂದು ಒಳ್ಳೆಯ ಪ್ರಬಂಧ ತಂದುಕೊಟ್ಟರೆ ಮೊದಲು ಕೇಳಿಬರುವ ಮಾತು ಒಂದೇ: "ಇದು ನೀನೇ ಬರೆದದ್ದೋ, ಮೊಬೈಲ್ ಬರೆದದ್ದೋ?" ಕೇಳುವವರು ತಮಾಷೆಗೆ ಕೇಳಿದರೂ ಪ್ರಶ್ನೆ ಸಣ್ಣದಲ್ಲ. ಆದರೆ ಅದು ಅರ್ಧ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ. ಮೊಬೈಲ್ ಬರೆಯದೆ, ಬಿ.ಎ. ಓದುವ ಅಣ್ಣ ಬರೆದುಕೊಟ್ಟಿದ್ದರೆ? ಆಗ ಅದು ಮನುಷ್ಯ ಬರೆದದ್ದೇ. ಯಂತ್ರವನ್ನು ಪತ್ತೆ ಹಚ್ಚುವ ಯಾವ ಸಾಧನವೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಹಾಗಾದರೆ ಬರಹ ಯಾರದು ಎಂಬುದು ಇತ್ಯರ್ಥವಾಯಿತೇ?

ಇದಕ್ಕೆ ಉತ್ತರ ಹುಡುಕಲು ನಾನು ದೂರ ಹೋಗಲಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಯಾವ ಮನೆಯ ಟ್ರಂಕಿನಲ್ಲಾದರೂ ಸಿಗುವ ಒಂದು ಕಾಗದ ಸಾಕು. ಅದು ಹಳೆಯ ಖರೀದಿ ಪತ್ರ.

ಖರೀದಿ ಪತ್ರ ತೆಗೆದು ನೋಡಿ. ಮೇಲೆ ಮಾರಿದವರ ಹೆಸರಿನ ಮುಂದೆ "ಬರೆದುಕೊಟ್ಟವರು" ಎಂದಿರುತ್ತದೆ. ಕೊಂಡವರ ಹೆಸರಿನ ಮುಂದೆ "ಬರೆಸಿಕೊಂಡವರು" ಎಂದಿರುತ್ತದೆ. ಈಗ ಪತ್ರದ ಕೊನೆಗೆ ಬನ್ನಿ. ಬರೆದುಕೊಟ್ಟವರ ಜಾಗದಲ್ಲಿ ಎಷ್ಟೋ ಸಲ ಎಡಗೈ ಹೆಬ್ಬೆಟ್ಟಿನ ಗುರುತು ಇರುತ್ತದೆ. ಅಂದರೆ "ಬರೆದುಕೊಟ್ಟವರು" ಎನಿಸಿಕೊಂಡ ಮನುಷ್ಯನಿಗೆ ಬರೆಯಲು ಬರುತ್ತಲೇ ಇರಲಿಲ್ಲ! ನಿಜವಾಗಿ ಪೆನ್ನು ಹಿಡಿದವರ ಹೆಸರು ಸಾಕ್ಷಿಗಳ ಹತ್ತಿರ, ಒಂದು ಮೂಲೆಯಲ್ಲಿ, ಬೇರೆಯೇ ಇರುತ್ತದೆ. ಅದರ ಮುಂದೆ ಹಳೆಯ ಪತ್ರಗಳಲ್ಲಿ "ಬಿಕ್ಕಲಂ" ಎಂಬ ಪದ ಬರುತ್ತದೆ. ಕನ್ನಡ ಮನೆಮಾತಿನ ಗೆಳೆಯರಿಗೆ ಇದು ವಿಚಿತ್ರ ಪದ ಎನ್ನಿಸಬಹುದು. ಉರ್ದು ಮಾತಾಡುವ ಮನೆಯಲ್ಲಿ ಬೆಳೆದ ನನಗೆ ಕಂಡ ಕೂಡಲೇ ಗುರುತು ಸಿಕ್ಕಿತು. ಕಲಂ ಎಂದರೆ ಲೇಖನಿ. ಉರ್ದುವಿನಲ್ಲಿ "ಬಖಲಂ" ಎಂದರೆ ಇಂಥವರ ಲೇಖನಿಯಿಂದ ಎಂದು. ಸ್ವಂತ ಕೈಯಿಂದ ಬರೆದಿದ್ದರೆ "ಬಖಲಂ ಖುದ್" ಎಂದು ಹಾಕುವ ರೂಢಿ ಉರ್ದು ಕಾಗದಗಳಲ್ಲಿದೆ.

ಹೀಗೆ ಒಂದೇ ಕಾಗದದಲ್ಲಿ ಮೂವರು. ಬರೆಸಿಕೊಂಡವರು, ಬರೆದುಕೊಟ್ಟವರು, ಬರೆದವರು. ಇವರಲ್ಲಿ ಪತ್ರದ ಮಾತು ಯಾರದು? ಜಮೀನು ಕೊಟ್ಟೆ ಎಂಬ ಮಾತು ಬರೆದುಕೊಟ್ಟವರದು. ವಾಕ್ಯಗಳು ಪತ್ರ ಬರೆಯುವವರವು. ಅವರು ನೂರಾರು ಜನರಿಗೆ ಅದೇ ವಾಕ್ಯಗಳನ್ನೇ ಬರೆದಿರುತ್ತಾರೆ. ಹೆಸರು, ಸರ್ವೆ ನಂಬರು, ಚಕ್ಕುಬಂದಿ, ಹಣ ಮಾತ್ರ ಬೇರೆ. ಈಗಂತೂ ಪತ್ರದ ಮಾದರಿ ಕಂಪ್ಯೂಟರಿನಲ್ಲೇ ಇರುತ್ತದೆ, ಖಾಲಿ ಜಾಗ ತುಂಬಿ ಪ್ರಿಂಟ್ ತೆಗೆಯುತ್ತಾರೆ. ಇದನ್ನು ಮನುಷ್ಯ ಬರೆದನೋ ಯಂತ್ರ ಬರೆಯಿತೋ ಎಂದು ನೋಂದಣಿ ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಾಧಿಕಾರಿ ವಿಚಾರಿಸಬೇಕಾದದ್ದು ಬೇರೆ. ಎದುರಿಗೆ ನಿಂತವರು ತಾವು ಹೇಳಿಕೊಂಡ ವ್ಯಕ್ತಿಯೇ ಹೌದೇ, ಈ ಪತ್ರವನ್ನು ತಾವು ಬರೆದುಕೊಟ್ಟದ್ದೆಂದು ಒಪ್ಪುತ್ತಾರೆಯೇ ಎಂಬುದು.

ನಮ್ಮಲ್ಲಿ ಅನೇಕರಿಗೆ ಇದರ ಇನ್ನೊಂದು ಮೂಲವೂ ಪರಿಚಿತ. ಕುರ್‌ಆನ್‌ನ ಅತಿ ಉದ್ದದ ಆಯತ್, ಸೂರಃ ಅಲ್-ಬಕರದ 282ನೆಯದು, ಸಾಲದ ಪತ್ರದ ಬಗ್ಗೆಯೇ ಇದೆ. ಅಲ್ಲಿ ಬರೆಯುವವನು ಒಬ್ಬ, ಹೇಳಿ ಬರೆಸುವವನು ಇನ್ನೊಬ್ಬ. ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು. ಅವನಿಗೆ ಹೇಳಿ ಬರೆಸುವ ಶಕ್ತಿ ಇಲ್ಲದಿದ್ದರೆ ಅವನ ಪರವಾಗಿ ಪೋಷಕ ನ್ಯಾಯವಾಗಿ ಹೇಳಬೇಕು. ಯಾರ ಮೇಲೆ ಹೊಣೆ ಬೀಳುತ್ತದೋ ಮಾತು ಅವನ ಬಾಯಿಂದ ಬರಬೇಕು. ಕೈ ಯಾರದ್ದಾದರೂ ಆಗಬಹುದು, ಆದರೆ ಆ ಕೈ ನ್ಯಾಯದ ಕೈ ಆಗಿರಬೇಕು. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಈ ಏರ್ಪಾಡು ಬಹಳ ಜಾಣತನದ್ದು ಎನ್ನಿಸುತ್ತದೆ. ಸಾಲ ಕೊಟ್ಟವನೇ ಬರೆಸಿದ್ದರೆ ಅಂಕಿ ಎತ್ತ ವಾಲುತ್ತಿತ್ತು ಎಂದು ಹೇಳಬೇಕಾಗಿಲ್ಲ.

ಹಾಗಾದರೆ ಇಂಥ ಬರಹದಲ್ಲಿ ಮೋಸವೇ ಇಲ್ಲವೇ? ಇದೆ, ಆದರೆ ಅದು ಇರುವ ಜಾಗ ಬೇರೆ. ಬೇರೆಯವರು ಬರೆದದ್ದು ಮೋಸವಲ್ಲ. ಸಹಿ ಹಾಕಿದವರಿಗೆ ಒಳಗೆ ಏನಿದೆ ಎಂದು ಗೊತ್ತಿಲ್ಲದಿರುವುದು ಅಪಾಯ. ಅದಕ್ಕೇ ಪತ್ರದ ಕೊನೆಯಲ್ಲಿ ಓದಿಸಿ ಕೇಳಿ, ತಿಳಿದು, ಒಪ್ಪಿ ಸಹಿ ಮಾಡಿದ್ದೇವೆ ಎಂಬರ್ಥದ ಮಾತು ಇರುತ್ತದೆ. ಪರ್ದಾನಶೀನ ಮಹಿಳೆಯರ ಪತ್ರಗಳ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅಂಥ ಮಹಿಳೆಯ ಸಹಿ ಅಥವಾ ಹೆಬ್ಬೆಟ್ಟು ನಿಜವೆಂದು ತೋರಿಸಿದರೆ ಸಾಲದು. ಪತ್ರದ ಲಾಭ ಪಡೆಯುವವರು, ಒಳಗಿನ ವಿಷಯವನ್ನು ಆಕೆಗೆ ವಿವರಿಸಲಾಗಿತ್ತು, ಆಕೆ ಅದನ್ನು ತಿಳಿದೇ ಒಪ್ಪಿದ್ದಳು ಎಂದೂ ಸಾಬೀತು ಮಾಡಬೇಕು. ಇಲ್ಲಿ ಬೆರಳಚ್ಚು ತಜ್ಞರು ನೂರಕ್ಕೆ ನೂರು ಸರಿಯಾದ ವರದಿ ಕೊಟ್ಟರೂ ಕೇಸು ಮುಗಿಯುವುದಿಲ್ಲ.

ಇದೇ ಮಾತು ಚೆಕ್ಕಿನ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಾವು ಪಾಠದಲ್ಲಿ ಓದುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಹಿನ್ನೆಲೆಯಲ್ಲಿ ಒಂದು ಉದಾಹರಣೆ ನೋಡೋಣ. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ನೂಲಿನ ಅಂಗಡಿಯವನಿಗೆ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟ ಎಂದಿಟ್ಟುಕೊಳ್ಳಿ. ಹೆಸರು, ಮೊತ್ತ, ತಾರೀಖು ಎಲ್ಲವನ್ನೂ ಅಂಗಡಿಯವನು ತುಂಬಿದ. ಬ್ಯಾಂಕಿನಲ್ಲಿ ಹಣವಿಲ್ಲದೆ ಚೆಕ್ ವಾಪಸಾಯಿತು. ಈಗ ವ್ಯಾಪಾರಿ ಹೇಳುತ್ತಾನೆ: "ಸಹಿ ನನ್ನದೇ, ಆದರೆ ಮೊತ್ತದ ಅಕ್ಷರ ನನ್ನದಲ್ಲ. ಬೇಕಾದರೆ ಕೈಬರಹ ತಜ್ಞರಿಗೆ ಕಳಿಸಿ."

ಸುಪ್ರೀಂ ಕೋರ್ಟ್ 2019ರಲ್ಲಿ ಬೀರ್ ಸಿಂಗ್ ವಿರುದ್ಧ ಮುಕೇಶ್ ಕುಮಾರ್ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ತಾನಾಗಿ ಸಹಿ ಹಾಕಿ ಚೆಕ್ ಕೊಟ್ಟವನು, ಉಳಿದದ್ದನ್ನು ಬೇರೆಯವರು ತುಂಬಿದ್ದರೂ, ಹೊಣೆಯಿಂದ ತಪ್ಪಿಸಿಕೊಳ್ಳಲಾರ. 2022ರ ಓರಿಯಂಟಲ್ ಬ್ಯಾಂಕ್ ಆಫ್ ಕಾಮರ್ಸ್ ವಿರುದ್ಧ ಪ್ರಬೋಧ್ ಕುಮಾರ್ ತಿವಾರಿ ಪ್ರಕರಣದಲ್ಲಿ ಪ್ರಶ್ನೆ ಕೈಬರಹ ತಜ್ಞರದ್ದೇ ಆಗಿತ್ತು. ಸಹಿ ಒಪ್ಪಿಕೊಂಡವನಿಗೆ ಹೈಕೋರ್ಟ್ ತಜ್ಞರ ಪರೀಕ್ಷೆಗೆ ಅವಕಾಶ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ವಿವರಗಳನ್ನು ಅವನು ತುಂಬಿಲ್ಲವೆಂದು ತಜ್ಞರು ಹೇಳಿದರೂ ಅದರಿಂದ ಹೊಣೆಯ ಪ್ರಶ್ನೆಗೆ ಏನೂ ಆಗುವುದಿಲ್ಲ ಎಂಬುದು ಕಾರಣ. ಗಮನಿಸಿ, ತಜ್ಞರ ವರದಿ ಸುಳ್ಳೆಂದು ಕೋರ್ಟ್ ಹೇಳಲಿಲ್ಲ. ವರದಿ ನಿಜವಾಗಿಯೇ ಇರಬಹುದು. ಅದು ಕೇಳದ ಪ್ರಶ್ನೆಗೆ ಸರಿ ಉತ್ತರ.

ಇದರರ್ಥ ಪತ್ತೆ ಕೆಲಸವೇ ಬೇಡ ಎಂದಲ್ಲ. ಸಹಿಯೇ ನಕಲಿ ಎಂದು ವ್ಯಾಪಾರಿ ಹೇಳಿದ್ದರೆ ಕೈಬರಹ ತಜ್ಞರು ಬೇಕೇ ಬೇಕು. ತುಂಬಿ ಕೊಟ್ಟ ಚೆಕ್ಕಿನಲ್ಲಿ 5,000ವನ್ನು ಆಮೇಲೆ ಯಾರೋ 50,000 ಮಾಡಿದ್ದರೂ ಬೇಕು. ಸಾಲವೇ ಇರಲಿಲ್ಲ ಎಂದು ವ್ಯಾಪಾರಿ ಬೇರೆ ಸಾಕ್ಷ್ಯ ತರಲೂಬಹುದು, ಆ ದಾರಿ ತೆರೆದೇ ಇದೆ. ಯಾವ ಪ್ರಶ್ನೆ ಇತ್ಯರ್ಥವಾಗಬೇಕು ಎಂದು ಮೊದಲು ಗೊತ್ತುಮಾಡಿಕೊಂಡರೆ ಪತ್ತೆ ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಈಗ ಯಂತ್ರದ ಬರಹಕ್ಕೆ ಬರೋಣ. ಚಾಟ್‌ಜಿಪಿಟಿಯಂಥವು ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಪದಕ್ಕೆ ಪದ ಸೇರಿಸುತ್ತವೆ. ಪತ್ತೆ ಸಾಧನಗಳಲ್ಲಿ ಅನೇಕವು ಅದೇ ಲೆಕ್ಕವನ್ನು ತಿರುಗಿಸಿ ನೋಡುತ್ತವೆ. ಪದಗಳು ತೀರ ನಿರೀಕ್ಷೆಯಂತೆಯೇ ಬರುತ್ತಿದ್ದರೆ ಯಂತ್ರದ್ದು ಎನ್ನುತ್ತವೆ. ಅಲ್ಲಲ್ಲಿ ಅನಿರೀಕ್ಷಿತ ಪದ, ಉದ್ದ-ಗಿಡ್ಡ ವಾಕ್ಯ ಇದ್ದರೆ ಮನುಷ್ಯನದು ಎನ್ನುತ್ತವೆ. ತೊಂದರೆ ಏನೆಂದರೆ, ಭಾಷೆ ಕಲಿಯುತ್ತಿರುವ ಮನುಷ್ಯನೂ ಗೊತ್ತಿರುವ ನಾಲ್ಕು ಪದಗಳಲ್ಲೇ, ಪುಸ್ತಕದ ವಾಕ್ಯಗಳಂತೆಯೇ ಬರೆಯುತ್ತಾನೆ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಸಾಧನಗಳು ಯಂತ್ರದ್ದೆಂದವು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಎಂದು ಬದುಕುವ ನಮ್ಮಂಥವರು ಇದನ್ನು ತಿಳಿದಿರಬೇಕು.

ಸ್ವಲ್ಪ ಲೆಕ್ಕವನ್ನೂ ಮಾಡೋಣ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಒಂದು ಪತ್ತೆ ಸಾಧನ ಹೊರತಂದಿತ್ತು. ಅವರದ್ದೇ ಪರೀಕ್ಷೆಯಲ್ಲಿ, ಇಂಗ್ಲಿಷ್ ಪಠ್ಯಗಳ ಮೇಲೆ, ಅದು ಯಂತ್ರದ ಬರಹದಲ್ಲಿ ಶೇ. 26ನ್ನು ಮಾತ್ರ ಹಿಡಿಯಿತು. ಮನುಷ್ಯರ ಬರಹದಲ್ಲಿ ಶೇ. 9ನ್ನು ತಪ್ಪಾಗಿ ಯಂತ್ರದ್ದೆಂದಿತು. 100 ಪ್ರಬಂಧಗಳಲ್ಲಿ 20 ಯಂತ್ರದವು, 80 ಸ್ವಂತದವು ಎಂದಿಟ್ಟುಕೊಳ್ಳಿ. 20ರಲ್ಲಿ ಸುಮಾರು 5 ಸಿಕ್ಕಿಬೀಳುತ್ತವೆ. 80ರಲ್ಲಿ ಸುಮಾರು 7 ತಪ್ಪಾಗಿ ಸಿಕ್ಕಿಬೀಳುತ್ತವೆ. ಒಟ್ಟು 12 ಜನರನ್ನು ಎದ್ದು ನಿಲ್ಲಿಸಿದರೆ ಅವರಲ್ಲಿ 7 ಜನ ನಿರಪರಾಧಿಗಳು. ನಿಜವಾಗಿ ಯಂತ್ರದಿಂದ ಬರೆಸಿದ 15 ಜನ ಬೆಂಚಿನ ಮೇಲೆ ಕೂತು ನೋಡುತ್ತಿರುತ್ತಾರೆ! ಅದೇ ವರ್ಷ ಜುಲೈನಲ್ಲಿ ಸಂಸ್ಥೆ ಆ ಸಾಧನವನ್ನು ವಾಪಸ್ ತೆಗೆದುಕೊಂಡಿತು. ಆಮೇಲೆ ಬಂದ ಸಾಧನಗಳು ಇದಕ್ಕಿಂತ ಚೆನ್ನಾಗಿರಬಹುದು. ಆದರೆ ಅಂಕಿ ಬದಲಾದರೂ ಲೆಕ್ಕದ ರೀತಿ ಇದೇ: ಸ್ವಂತವಾಗಿ ಬರೆದವರ ಸಂಖ್ಯೆ ದೊಡ್ಡದಿದ್ದಾಗ ಸಣ್ಣ ಶೇಕಡಾ ತಪ್ಪೂ ಬಹಳ ಜನರ ಮೇಲೆ ಬೀಳುತ್ತದೆ.

ಇರಲಿ, ಒಂದೂ ತಪ್ಪು ಮಾಡದ ಸಾಧನ ನಾಳೆ ಬಂತು ಎನ್ನೋಣ. ಆಗಲೂ ಆ 80ರೊಳಗೆ ಅಣ್ಣ ಬರೆದುಕೊಟ್ಟದ್ದು ಎಷ್ಟು, ಟ್ಯೂಷನ್ನಿನವರು ಹೇಳಿ ಬರೆಸಿದ್ದು ಎಷ್ಟು, ಹಿಂದಿನ ವರ್ಷದ ಸೀನಿಯರ್ ಫೈಲಿನಿಂದ ಇಳಿಸಿದ್ದು ಎಷ್ಟು? ಸಾಧನ ಎಲ್ಲಕ್ಕೂ "ಮನುಷ್ಯ" ಎನ್ನುತ್ತದೆ. ಅದು ಸರಿಯಾದ ಉತ್ತರವೇ, ಚೆಕ್ಕಿನ ಕೇಸಿನ ತಜ್ಞರ ವರದಿಯಂತೆ. ಇನ್ನೊಂದು ಕಡೆ, ತನ್ನ ಅಂಗಡಿಯ ಲೆಕ್ಕವನ್ನು ತಾನೇ ಕೂಡಿಸಿ, ತನ್ನ ಮಾತನ್ನು ಉರ್ದುವಿನಲ್ಲಿ ಹೇಳಿ, ಯಂತ್ರದಿಂದ ಕನ್ನಡಕ್ಕೆ ಮಾಡಿಸಿಕೊಂಡ ಹುಡುಗಿಯನ್ನು ಅದೇ ಸಾಧನ ಹಿಡಿಯುತ್ತದೆ. ಇಬ್ಬರಲ್ಲಿ ಯಾರ ಬರಹ ಹೆಚ್ಚು ಸ್ವಂತದ್ದು? ನನ್ನ ಉತ್ತರ ಹುಡುಗಿಯ ಕಡೆ ಇದೆ; ಅದು ಕನ್ನಡ ಭಾಷೆಯ ಪರೀಕ್ಷೆ ಆಗಿಲ್ಲದಿದ್ದರೆ ಮಾತ್ರ.

ಈ ವ್ಯತ್ಯಾಸವನ್ನು ನ್ಯೂಯಾರ್ಕಿನ ಒಂದು ಕೋರ್ಟ್ ಚೆನ್ನಾಗಿ ತೋರಿಸಿತು. 2023ರಲ್ಲಿ ಮಾಟಾ ವಿರುದ್ಧ ಏವಿಯಾಂಕಾ ಎಂಬ ಪ್ರಕರಣದಲ್ಲಿ ವಕೀಲರು ಸಲ್ಲಿಸಿದ ಅರ್ಜಿಯಲ್ಲಿದ್ದ ಹಲವು ಹಳೆಯ ತೀರ್ಪುಗಳು ಎಲ್ಲಿಯೂ ಇರಲಿಲ್ಲ. ಚಾಟ್‌ಜಿಪಿಟಿ ಅವನ್ನು ಕಟ್ಟಿಕೊಟ್ಟಿತ್ತು. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಆದರೆ ಅಂಥ ಸಾಧನ ಬಳಸುವುದೇ ತಪ್ಪು ಎಂದು ಅವರು ಹೇಳಲಿಲ್ಲ. ಸಲ್ಲಿಸುವ ಮುನ್ನ ಪರಿಶೀಲಿಸುವ ಹೊಣೆ ಸಹಿ ಹಾಕುವ ವಕೀಲರದು, ಪ್ರಶ್ನೆ ಎದ್ದ ಮೇಲೂ ಅವರು ಅದಕ್ಕೇ ಅಂಟಿಕೊಂಡರು ಎಂಬುದು ಅವರ ಆಕ್ಷೇಪ. ನಮ್ಮಲ್ಲೂ 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಕೆಳ ನ್ಯಾಯಾಲಯವೊಂದರ ಆದೇಶದಲ್ಲಿ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಉಲ್ಲೇಖಿಸಿದ್ದನ್ನು ಗಮನಿಸಿ ಮುಂದಿನ ಕ್ರಮಕ್ಕೆ ಸೂಚಿಸಿತು. ಇಂಥ ಕಡೆ ಆ ಸಾಲುಗಳನ್ನು ಯಂತ್ರ ಕೊಟ್ಟಿತೋ, ಸಹಾಯಕರು ಕೊಟ್ಟರೋ ಎಂಬುದು ಎರಡನೆಯ ಮಾತು. ಇಬ್ಬರಲ್ಲಿ ಯಾರು ಕೊಟ್ಟಿದ್ದರೂ ಇಲ್ಲದ ತೀರ್ಪು ಇಲ್ಲದ್ದೇ. ಖರೀದಿ ಪತ್ರದ "ಓದಿಸಿ ಕೇಳಿ, ತಿಳಿದು, ಒಪ್ಪಿ" ಎಂಬ ಮಾತು ಇಲ್ಲಿ ಬಿಟ್ಟುಹೋಗಿತ್ತು.

ಬರೆದವರ ಹೆಸರು ಬೇರೆ, ಮಾತಿನ ಒಡೆಯರು ಬೇರೆ ಆಗಿರುವುದು ಹಳೆಯ ಸಂಗತಿ. ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿ ಗುಡಿಯಲ್ಲಿ ಕ್ರಿ.ಶ. 634ರ ಶಾಸನವಿದೆ. ಹೊಗಳಿಕೆ ಇಮ್ಮಡಿ ಪುಲಕೇಶಿಯದು, ಬರೆದ ಕವಿ ರವಿಕೀರ್ತಿ ತನ್ನ ಹೆಸರನ್ನು ಧೈರ್ಯವಾಗಿ ಹಾಕಿಕೊಂಡಿದ್ದಾನೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲಿ ಹೊಗಳಿಸಿಕೊಂಡವನ ಹೆಸರಿದೆ, ಪದ್ಯ ಕಟ್ಟಿದವನ ಹೆಸರಿಲ್ಲ. ಕವಿರಾಜಮಾರ್ಗದ ವಿಷಯವಂತೂ ಇನ್ನೂ ಸ್ವಾರಸ್ಯದ್ದು. ನಮ್ಮ ಪಟ್ಟದಕಲ್ಲನ್ನು ಕಿಸುವೊಳಲ್ ಎಂದು ಕರೆದು, ತಿರುಳ್ಗನ್ನಡದ ಊರುಗಳಲ್ಲಿ ಒಂದಾಗಿ ಎಣಿಸಿದ ಒಂಬತ್ತನೆಯ ಶತಮಾನದ ಗ್ರಂಥ ಅದು. ಕೆ.ಬಿ. ಪಾಠಕರು 1898ರಲ್ಲಿ ಅದನ್ನು ರಾಷ್ಟ್ರಕೂಟ ದೊರೆ ನೃಪತುಂಗನ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಆದರೆ ಗ್ರಂಥ ತನ್ನನ್ನು ಕರೆದುಕೊಳ್ಳುವುದು ನೃಪತುಂಗನ "ಅನುಮತ" ಎಂದು, ಅಂದರೆ ಅವನು ಒಪ್ಪಿದ್ದು ಎಂದು. ಇನ್ನೊಂದು ಹೆಸರು, ಶ್ರೀವಿಜಯ, ಕೂಡ ಅದರಲ್ಲಿ ಬರುತ್ತದೆ. ಬರೆದವನು ಶ್ರೀವಿಜಯ ಎಂದು ಅನೇಕ ವಿದ್ವಾಂಸರು ವಾದಿಸಿದ್ದಾರೆ. ನನ್ನ ಗಮನ ಸೆಳೆದದ್ದು ಆ "ಅನುಮತ" ಎಂಬ ಪದ. ಒಡೆಯ ಒಪ್ಪಿದ್ದಾನೆ ಎಂಬುದನ್ನು ಬರೆದವನು ಮುಚ್ಚಿಡದೆ ಪುಸ್ತಕದಲ್ಲೇ ಹೇಳಿದ್ದಾನೆ. ಅದು ಖರೀದಿ ಪತ್ರದ ಸಹಿಯ ಹಾಗೆ ಕೆಲಸ ಮಾಡುತ್ತದೆ.

ಇನ್ನು ನಮ್ಮ ಪ್ರಾಜೆಕ್ಟ್ ಫೈಲಿಗೆ ಬರೋಣ. ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಖರೀದಿ ಪತ್ರದಲ್ಲಿ ಒಪ್ಪಿಗೆ ಸಾಕು, ಬರೆಯುವ ಶಕ್ತಿ ಬೇಕಾಗಿಲ್ಲ. ಪ್ರಾಜೆಕ್ಟಿನಲ್ಲಿ ಅಂಕ ಕೊಡುವುದೇ ಶಕ್ತಿಗೆ. ಆದ್ದರಿಂದ "ನಾನು ಓದಿ ಒಪ್ಪಿದ್ದೇನೆ" ಎಂದು ಸಹಿ ಹಾಕಿದರೆ ಸಾಲದು. ಇಲ್ಲಿ ಬಖಲಂ ಖುದ್ ಆಗಬೇಕು. ಯಾವ ಭಾಗ ಖುದ್ ಆಗಬೇಕು ಎಂಬುದನ್ನು ವಿಷಯ ತೀರ್ಮಾನಿಸುತ್ತದೆ.

ಇಳಕಲ್ ಸೀರೆಯ ವೆಚ್ಚದ ಬಗ್ಗೆ ಒಬ್ಬ ವಿದ್ಯಾರ್ಥಿ ಪ್ರಾಜೆಕ್ಟ್ ಮಾಡಿದ ಎನ್ನೋಣ. ಫೈಲು ಚೊಕ್ಕಟವಾಗಿದೆ. ಲೆಕ್ಚರರ್ ಅದನ್ನು ಯಾವ ಸಾಧನಕ್ಕೂ ಹಾಕದೆ ನಾಲ್ಕು ಪ್ರಶ್ನೆ ಕೇಳಬಹುದು. ಒಡಲಿನ ಹಾಸು ನೂಲಿಗೂ ಸೆರಗಿನ ರೇಷ್ಮೆ ಹಾಸಿಗೂ ಕೊಂಡಿ ಹಾಕಿ ಜೋಡಿಸುವ ಕೂಲಿಯನ್ನು ನೀನು ಎಲ್ಲಿ ಸೇರಿಸಿದ್ದೀ? ನೇಯುವವರ ಮನೆಯವರು ಮಾಡಿದ ಕೆಲಸಕ್ಕೆ ಕೂಲಿ ಹಿಡಿದಿದ್ದೀಯಾ, ಬಿಟ್ಟಿದ್ದೀಯಾ, ಯಾಕೆ? ಈ ಬೆಲೆ ಯಾರನ್ನು ಕೇಳಿ ಬರೆದೆ? ನೂಲಿನ ಬೆಲೆ ಏರಿದರೆ ನಿನ್ನ ಕೋಷ್ಟಕದಲ್ಲಿ ಯಾವ ಯಾವ ಸಾಲು ಬದಲಾಗುತ್ತದೆ? ಮಗ್ಗದ ಹತ್ತಿರ ಹೋಗಿ ಬಂದವನು ತಡವರಿಸಿಯಾದರೂ ಹೇಳುತ್ತಾನೆ, ಒಮ್ಮೊಮ್ಮೆ ಫೈಲಿನಲ್ಲಿ ಇಲ್ಲದ್ದನ್ನೂ ಹೇಳುತ್ತಾನೆ. ಅಣ್ಣನಿಂದ ಬರೆಸಿದವನೂ ಯಂತ್ರದಿಂದ ಬರೆಸಿದವನೂ ಇಲ್ಲಿ ಒಂದೇ ಜಾಗದಲ್ಲಿ ನಿಲ್ಲುತ್ತಾರೆ, ಏಕೆಂದರೆ ಪ್ರಶ್ನೆ ಕೈಯ ಬಗ್ಗೆ ಅಲ್ಲ.

ಈ ದಾರಿಗೂ ಮಿತಿ ಇದೆ. ಅರವತ್ತು ಜನರ ತರಗತಿಯಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ ಎಂದರೆ ಐದು ಗಂಟೆ. ಮಾತು ಬಲ್ಲವನು ತಿಳಿಯದಿದ್ದರೂ ದಾಟಿಬಿಡಬಹುದು, ನಾಚಿಕೆಯವಳು ತಿಳಿದಿದ್ದರೂ ಸುಮ್ಮನಾಗಬಹುದು. ಮನೆಮಾತು ಬೇರೆ ಇದ್ದವರಿಗೆ ಉತ್ತರ ತಲೆಯಲ್ಲಿ ಉರ್ದುವಿನಲ್ಲಿ ಬಂದು ಬಾಯಲ್ಲಿ ಕನ್ನಡಕ್ಕಾಗಿ ತಡೆಯುತ್ತದೆ. ಅಂಥವರಿಗೆ ತಮ್ಮ ಭಾಷೆಯಲ್ಲೇ ಹೇಳಲು ಬಿಡುವುದು, ಅಥವಾ ಫೈಲಿನ ಜೊತೆ ಕಚ್ಚಾ ಟಿಪ್ಪಣಿ, ಅಂಗಡಿಯಲ್ಲಿ ಬರೆದುಕೊಂಡ ಚೀಟಿಗಳನ್ನೂ ತೆಗೆದುಕೊಳ್ಳುವುದು ಒಳ್ಳೆಯದು. ಮಡಚಿದ, ಎಣ್ಣೆ ಕಲೆಯಾದ ಆ ಚೀಟಿ ಬಹಳ ವಿಷಯ ಹೇಳುತ್ತದೆ.

ಇದರ ಜೊತೆ ನಮ್ಮ ಫೈಲುಗಳ ಕೊನೆಯ ಪುಟದಲ್ಲಿ ಒಂದು ಬಿಕ್ಕಲಂ ಸಾಲು ಇರಲಿ ಎಂದು ನನ್ನ ಸಲಹೆ. ಯಾರು ವಿಷಯ ಹುಡುಕಿದರು, ಯಾರು ಲೆಕ್ಕ ಮಾಡಿದರು, ಯಾರು ಭಾಷೆ ತಿದ್ದಿದರು, ಯಂತ್ರ ಬಳಸಿದ್ದರೆ ಯಾವುದಕ್ಕೆ, ಇಷ್ಟು. ಸುಳ್ಳು ಬರೆಯುವವರು ಅಲ್ಲೂ ಬರೆಯಬಹುದು, ಆದರೆ ಆಗ ಅದು ಅವರ ಸಹಿಯ ಕೆಳಗಿನ ಸುಳ್ಳಾಗುತ್ತದೆ. ಈ ಲೇಖನದ ಮಟ್ಟಿಗೆ ಹೇಳುವುದಾದರೆ, ವಿಷಯ ಮತ್ತು ಲೆಕ್ಕ ನನ್ನದು. ಒತ್ತಕ್ಷರ ಮತ್ತು ಎರಡು ಕಡೆ ವಿಭಕ್ತಿ ತಿದ್ದಿದವರು ನಮ್ಮ ಕನ್ನಡ ಉಪನ್ಯಾಸಕರು. "ಬಖಲಂ ಖುದ್" ಎಂಬುದನ್ನು ಉರ್ದುವಿನಲ್ಲಿ ಹೇಗೆ ಬರೆಯುತ್ತಾರೆ ಎಂದು ತೋರಿಸಿದವರು ನಮ್ಮ ದಾದಾ.